ಏಕಾದಶಿಯ ದಿನ ಬರೆದ ದೋಸೆ ಪೋಸ್ಟ್

ಅಮೆರಿಕದ ಫ್ಯಾಕ್ಟೋರಿಯಾ ಬಡಾವಣೆಯಲ್ಲಿರುವ ಪುರಂದರರ ದೋಸೆ ಹೋಟೆಲಿನಲ್ಲಿ ವಸಂತಲಕ್ಷ್ಮಿ ಗಲ್ಲಾದಲ್ಲಿ ಕೂರುತ್ತಿದ್ದರು. ಕಾಗುಣಿತ ತಪ್ಪದೆ ಬರೆಯುವವರು ಅಲ್ಲಿ ಅವರೊಬ್ಬರೇ ಆದ್ದರಿಂದ ಇನ್‌ಸ್ಟಾಗ್ರಾಂ ಕೂಡ ಅವರ ತಲೆಗೇ ಬಿದ್ದಿತ್ತು. ಮೈಸೂರಿನಲ್ಲಿ ಹದಿನೆಂಟು ವರ್ಷ ವಿಮಾ ಕಚೇರಿಯ ಪತ್ರ ಬರೆದ ಕೈ. "ಈ ಮೂಲಕ ತಿಳಿಸುವುದೇನೆಂದರೆ, ಶನಿವಾರ ಬೆಳಿಗ್ಗೆ ದೋಸೆ ಕಾಂಬೋ ಲಭ್ಯವಿರುತ್ತದೆ" ಎಂದು ಹಾಕುತ್ತಿದ್ದರು. ನಾಲ್ಕು ಲೈಕು ಬರುತ್ತಿತ್ತು. ಅದರಲ್ಲಿ ಒಂದು ಮಗಳು ನವ್ಯಾಳದು.

ಒಂದು ಶುಕ್ರವಾರ ಏಕಾದಶಿ ಬಂತು. ವಸಂತಲಕ್ಷ್ಮಿಯದು ನೀರು ಬಿಟ್ಟರೆ ಏನೂ ಮುಟ್ಟದ ಉಪವಾಸ. ಅಡುಗೆಯ ವಿನಯ ಫೋಟೋಗೆಂದು ಅವರೆದುರೇ ದೋಸೆ ಹುಯ್ದ. ಹೊಟ್ಟೆ ಚುರ್ ಎಂದಿತು. ಫೋನ್ ತೆಗೆದುಕೊಂಡವರು ಒಂದೇ ಉಸಿರಿಗೆ ಬರೆದರು:

"ಕಾದ ಕಾವಲಿಗೆ ಹಿಟ್ಟು ಬಿದ್ದು ಚುಂಯ್ ಅನ್ನುತ್ತೆ. ಸಣ್ಣಸಣ್ಣ ತೂತು ಬಿಟ್ಟುಕೊಂಡು, ಅಂಚು ತಾನಾಗಿ ಏಳುತ್ತೆ. ಬೆಣ್ಣೆ ಕರಗಿ ಆ ತೂತುಗಳಿಗೇ ಇಳಿಯುತ್ತೆ. ಮುರಿದರೆ ಕರುಂ! ಒಳಗೆ ಬಿಸಿ ಆಲೂಗಡ್ಡೆ ಪಲ್ಯ, ಪಕ್ಕದಲ್ಲಿ ತಣ್ಣನೆ ಕಾಯಿಚಟ್ನಿ, ಒಂದು ಉದ್ದಿನ ವಡೆ. ಕೊನೆಗೆ ನೊರೆ ಕಾಫಿ. ಶನಿವಾರ, ಎಂಟರಿಂದ ಹನ್ನೊಂದು. ದೇವರೇ, ಬೇಗ ಬನ್ನಿ."

ಬೆಳಿಗ್ಗೆ ಪಾರಣೆ ಮುಗಿಸಿ ಬಂದು ನೋಡಿದರೆ, ಸಾಲು ಪಕ್ಕದ ಅಂಗಡಿ ದಾಟಿತ್ತು. ಒಂಬತ್ತೂವರೆಗೆ ಹಿಟ್ಟು ಖಾಲಿ.

"ಹಿಟ್ಟು ಹುಳಿ ಬರ್ಲಿಕ್ಕೆ ಒಂದು ರಾತ್ರಿ ಬೇಕು ಮಾರಾಯ್ರೆ, ನಾಳೆ ಬನ್ನಿ," ಎಂದು ಪುರಂದರ ಕೈಮುಗಿದರು.

ದೂರದ ಶೋರ್‌ಲೈನ್ ಊರಿನಿಂದ ಬಂದಿದ್ದ ಶರತ್ ಅಲುಗಲಿಲ್ಲ. "ಹೆಂಡ್ತಿ ಡ್ರೈವ್ ಮಾಡ್ತಿದ್ಲು, ನಾನು ದಾರಿಯುದ್ದಕ್ಕೂ ಇದನ್ನೇ ಓದ್ಕೊಂಡು ಬಂದಿದೀನಿ. ದೋಸೆ ಇಲ್ದಿದ್ರೆ ಆ ಕಾವಲೀನಾದ್ರೂ ತೋರಿಸಿ ಸಾರ್!"

ತೋರಿಸಿದರು. ಶರತ್ ಮೂಸಿ ನೋಡಿ, ಕಣ್ಣೊರೆಸಿಕೊಂಡು ಹೋದ. ಅವನ ಹಿಂದಿದ್ದ ಹನ್ನೊಂದು ಜನಕ್ಕೂ ಕಾವಲಿಯ ದರ್ಶನವಾಯಿತು.

ಮುಂದಿನ ವಾರ ವಸಂತಲಕ್ಷ್ಮಿ ಊಟ ಮಾಡಿ ಬರೆದರು. "ಗರಿಗರಿ ದೋಸೆ ಲಭ್ಯ." ನಾಲ್ಕು ಲೈಕು.

ಪುರಂದರರಿಗೆ ಗುಟ್ಟು ಹೊಳೆಯಿತು. "ಅಕ್ಕಾ, ಇನ್ನು ಶುಕ್ರವಾರ ನೀವು ಎಂಥದೂ ತಿನ್ಬೇಡಿ."

"ಏಕಾದಶಿ ಎರಡು ವಾರಕ್ಕೊಂದು ಕಣ್ರೀ!"

"ನಮ್ಮ ಹೋಟೆಲಿಗೆ ವಾರಕ್ಕೊಂದು."

ಎರಡು ಶುಕ್ರವಾರ ಹಾಗೇ ನಡೆಯಿತು. ಮೂರನೆಯ ಶುಕ್ರವಾರ ವಸಂತಲಕ್ಷ್ಮಿಗೆ ರೇಗಿತು. "ನೀವೂ ಉಪವಾಸ ಕೂತ್ರೆ ಬರೀತೀನಿ. ಇಲ್ದಿದ್ರೆ ಇಲ್ಲ."

ಪುರಂದರ ಒಪ್ಪಿದರು. ಮಧ್ಯಾಹ್ನದವರೆಗೂ ತಡೆದುಕೊಂಡು ಎದುರಿಗೆ ಕೂತರು. ಫೋಟೋದ ದೋಸೆ ಮೇಜಿನ ಮೇಲಿತ್ತು. ವಸಂತಲಕ್ಷ್ಮಿ ಬರೆದದ್ದನ್ನು ಗಟ್ಟಿಯಾಗಿ ಓದತೊಡಗಿದರು. ಬೆಣ್ಣೆ ಕರಗುವ ಸಾಲಿಗೆ ಬರುವಷ್ಟರಲ್ಲಿ ಕರುಂ ಎಂಬ ಸದ್ದಾಯಿತು. ತಲೆಯೆತ್ತಿದರೆ ತಟ್ಟೆ ಖಾಲಿ, ಯಜಮಾನರ ಮೀಸೆಯಲ್ಲಿ ಚಟ್ನಿ.

ವಸಂತಲಕ್ಷ್ಮಿ ಖಾಲಿ ತಟ್ಟೆಯ ಫೋಟೋ ತೆಗೆದು ಹಾಕಿದರು: "ದೋಸೆಯನ್ನು ಮಾಲೀಕರು ತಿಂದುಬಿಟ್ಟರು. ಕ್ಷಮಿಸಿ."

ಅವತ್ತು ಬಂದಷ್ಟು ಲೈಕು ಹಿಂದೆಂದೂ ಬಂದಿರಲಿಲ್ಲ. ಇನ್ನು ಹಿಟ್ಟು ಸಾಲದೆಂದು ಸಂಜೆಯೇ ಪುರಂದರ ಇನ್ನೊಂದು ಗ್ರೈಂಡರು ತಂದರು. ವಸಂತಲಕ್ಷ್ಮಿ ಎರಡು ದೋಸೆ ಹಾಕಿಸಿಕೊಂಡು, ಫೋನನ್ನು ಗಲ್ಲಾದೊಳಗಿಟ್ಟು, ನಿಧಾನವಾಗಿ ತಿಂದರು.