‘ಹೇಳಿದ್ದು ನೀವೇ’ ತುಣುಕಿನ ಹಿಂದಿನ ಅನಸೂಯ

ಬೆಳಗಿನ ಐದೂಕಾಲು. ಅಡ್ಯಾರಿನ ಒಂದು ತಮಿಳು ಚಾನೆಲ್ಲಿನ ಮೂರನೇ ಮಹಡಿಯಲ್ಲಿ ನಾಲ್ಕು ಟಿವಿಗಳು ಒಟ್ಟಿಗೆ ಓಡುತ್ತಿವೆ. ಅವುಗಳ ಮುಂದೆ ಸ್ವೆಟರ್ ಹಾಕಿಕೊಂಡು ಕೂತಿರುವ ಅನಸೂಯ, ಹಿಂದಿನ ದಿನ ರೆಕಾರ್ಡ್ ಆದ ಸುದ್ದಿಗಳನ್ನು ಕೇಳುತ್ತ ಉದ್ದನೆಯ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದಾರೆ. ಟೇಪಿನ ನಂಬರು, ನಿಮಿಷ, ಸೆಕೆಂಡು, ಯಾರು, ಎಲ್ಲಿ, ಏನಂದರು. ಪರದೆಯ ಮೇಲೆ ಒಬ್ಬ ಶಾಸಕರು ‘ನಾನು ಮೊದಲಿಂದಲೂ ಇದನ್ನೇ ಹೇಳುತ್ತಿದ್ದೇನೆ’ ಎನ್ನುತ್ತಾರೆ. ಅನಸೂಯ ಟೇಪು ನಿಲ್ಲಿಸಿ, ಹಿಂದಕ್ಕೆ ತಿರುಗಿಸಿ, ಇನ್ನೊಮ್ಮೆ ಕೇಳಿ ಆ ಸಾಲಿನ ಕೆಳಗೆ ಕೆಂಪು ಗೆರೆ ಎಳೆಯುತ್ತಾರೆ.

“‘ಮೊದಲಿಂದಲೂ’ ಅಂದ್ರಲ್ಲ, ಇನ್ನು ಹುಡುಕ್ಬೇಕು ಸರ್. ಮೊದಲು ಏನಂದಿದ್ರೋ, ನಮ್ ಶೆಲ್ಫಲ್ಲಿ ಇರತ್ತೆ.”

ಶೆಲ್ಫಿನಲ್ಲಿ ಒಂಬತ್ತು ಸಾವಿರಕ್ಕೂ ಹೆಚ್ಚು ಟೇಪುಗಳಿವೆ. ಪ್ರತಿ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಬರುವ ಅರ್ಧ ಗಂಟೆಯ ಅಣಕು ಸುದ್ದಿಗೆ ಬೇಕಾದ ಹಳೆಯ ಮಾತುಗಳನ್ನೆಲ್ಲ ಇಲ್ಲಿಂದಲೇ ಹೆಕ್ಕಿ ಕೊಡುವವರು ಇವರು. ಕಾರ್ಯಕ್ರಮ ಶುರುವಾಗಿ ನಾಲ್ಕು ವರ್ಷವಾಯಿತು. ಕೋಟು ಹಾಕಿಕೊಂಡು ಒಂದು ಸಲವೂ ನಗದೆ ಸುದ್ದಿ ಓದುವ ನಟನನ್ನು ಚೆನ್ನೈಯಲ್ಲಿ ಬಸ್ ಕಂಡಕ್ಟರೂ ಗುರುತಿಸುತ್ತಾನೆ. ಅನಸೂಯ ಅವರನ್ನು ಗುರುತಿಸುವುದು ಕಟ್ಟಡದ ವಾಚ್‌ಮನ್ ಮಾತ್ರ.

ಕಾರ್ಯಕ್ರಮದ ಕ್ರಮ ಒಂದು ವಾರವೂ ಬದಲಾಗುವುದಿಲ್ಲ. ಮೊದಲು ಅಣಕು ಮುಖ್ಯಾಂಶಗಳು. ಆಮೇಲೆ ‘ಅಡಿಗಲ್ಲು’: ಯಾವುದೋ ಶಂಕುಸ್ಥಾಪನೆಯ ಕಲ್ಲಿನ ಪಕ್ಕ ನಿಂತ ವರದಿಗಾರ ‘ಇಲ್ಲಿ ಕೆಲಸ ಭರದಿಂದ ಸಾಗುತ್ತಿದೆ’ ಎನ್ನುತ್ತಾನೆ, ಅವನ ಹಿಂದೆ ಆಡು ಮೇಯುತ್ತಿರುತ್ತದೆ. ಅದಾದ ಮೇಲೆ ಜಗಲಿಯ ಮೇಲಿನ ಇಬ್ಬರು ಮುದುಕರ ಹರಟೆ. ಕೊನೆಗೆ ಎಲ್ಲರೂ ಕಾಯುವ ‘ಸೊನ್ನದು ನೀಂಗದಾನ್’, ಅಂದರೆ ‘ಹೇಳಿದ್ದು ನೀವೇ’. ಟಿಣ್ ಎಂದು ಒಂದು ಗಂಟೆ. ಹಳದಿ ಚೌಕಟ್ಟಿನೊಳಗೆ ಹಳೆಯ ಭಾಷಣ, ಮೂಲೆಯಲ್ಲಿ ತಾರೀಖು. ಮತ್ತೆ ಟಿಣ್. ಅದೇ ಮನುಷ್ಯನ ಈ ವಾರದ ಮಾತು. ಸುದ್ದಿ ಓದುವವನು ಕಾಗದ ಸರಿಮಾಡಿಕೊಂಡು ‘ಸೊನ್ನದು ನೀಂಗದಾನ್’ ಎಂದಷ್ಟೇ ಹೇಳುತ್ತಾನೆ. ಬೇರೆ ವ್ಯಾಖ್ಯಾನ ಇಲ್ಲ.

ಪ್ರತಿ ವಾರ ಅದೇ ಗಂಟೆ, ಅದೇ ಚೌಕಟ್ಟು ಬೇಸರ ಬರಿಸುವುದಿಲ್ಲವೇ ಎಂದು ಕೇಳಿದೆ.

“ಹೊಸ್ದಾಗಿ ಮಾಡಿದ್ರೆ ಇದೇನು ಅಂತ ಅರ್ಥ ಮಾಡ್ಸೋದ್ರಲ್ಲೇ ಅರ್ಧ ನಿಮಿಷ ಹೋಗತ್ತೆ. ಗಂಟೆ ಹೊಡೆದ ತಕ್ಷಣ ಜನಕ್ಕೆ ಗೊತ್ತಾಗತ್ತೆ, ಈಗ ಯಾರೋ ಸಿಕ್ಕಿಬಿದ್ರು ಅಂತ. ಯಾರು ಅನ್ನೋದು ಮಾತ್ರ ಹೊಸ್ದು. ಅಡುಗೆ ಮನೇಲಿದ್ದವರೂ ಸೌಟು ಹಿಡ್ಕೊಂಡೇ ಬಂದು ನಿಲ್ತಾರೆ.”

ಬೆಸೆಂಟ್ ನಗರದಲ್ಲಿ ಓದುವ ಮಗಳು ಪ್ರೇರಣಾಳ ತರಗತಿಯಲ್ಲಂತೂ, ಟೀಚರು ನಿನ್ನೆಯ ಮಾತನ್ನು ಇವತ್ತು ಬದಲಾಯಿಸಿದರೆ ಹಿಂದಿನ ಬೆಂಚಿನಿಂದ ‘ಟಿಣ್’ ಎನ್ನುವ ಸದ್ದು ಬರುತ್ತದಂತೆ.

ಅನಸೂಯ ಅವರ ತಂದೆ ಕೊಳ್ಳೇಗಾಲದಿಂದ ಪೆರಂಬೂರಿನ ರೈಲ್ವೆ ಕಾರ್ಖಾನೆಗೆ ಬಂದವರು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತಮಿಳು. 1997ರಲ್ಲಿ ಟೈಪಿಸ್ಟ್ ಆಗಿ ಚಾನೆಲ್ ಸೇರಿದರು. ಟೇಪುಗಳ ಪಟ್ಟಿ ಬರೆಯುವ ಕೆಲಸ ಯಾರಿಗೂ ಬೇಡವಾಗಿತ್ತು, ಇವರಿಗೆ ಬಂತು. ಗಂಡ ಕಮಲಾಕರ ವಿಮಾ ಕಂಪನಿಯ ನೌಕರ. ಮದುರೆಗೆ ವರ್ಗವಾದ ಮೇಲೆ ಎರಡು ವಾರಕ್ಕೊಮ್ಮೆ ಬರುತ್ತಾರೆ. ಅನಸೂಯ ಅವರದು ವರ್ಷಕ್ಕೊಮ್ಮೆ ನವೀಕರಿಸುವ ಗುತ್ತಿಗೆಯ ಕೆಲಸ. ದಿನಕ್ಕೆ ಹನ್ನೊಂದು ಟೇಪು, ನೂರಿಪ್ಪತ್ತು ಸಾಲು. ಟೇಪು ಕೆಡದಿರಲೆಂದು ಇಟ್ಟ ಎ.ಸಿ.ಯ ಚಳಿಗೆ ಬಿಡದ ಕೆಮ್ಮು.

ಕಳೆದ ವರ್ಷದ ಒಂದು ಶನಿವಾರದ ಬಗ್ಗೆ ಕೇಳಿದಾಗ ಮಾತ್ರ ಅವರು ಪೆನ್ನು ಕೆಳಗಿಡುತ್ತಾರೆ.

ಆ ವಾರ ಒಬ್ಬ ಮಂತ್ರಿ ‘ನೀರಿನ ಬಗ್ಗೆ ನಾನು ಯಾರಿಗೂ ಮಾತು ಕೊಟ್ಟಿಲ್ಲ’ ಎಂದಿದ್ದರು. ಅನಸೂಯ ಅವರ 1999ರ ನೋಟ್‌ಬುಕ್ಕಿನಲ್ಲಿ ಅದೇ ಮನುಷ್ಯನ ಒಂದು ಸಾಲಿತ್ತು: ‘ಆರು ತಿಂಗಳಲ್ಲಿ ಮನೆಮನೆಗೆ ನೀರು, ಇಲ್ಲದಿದ್ದರೆ ರಾಜೀನಾಮೆ’. ಟೇಪು ಸಿಕ್ಕಿತು, ಮಾತೂ ಇತ್ತು. ಇಷ್ಟು ಚೆನ್ನಾಗಿ ಹೊಂದುವ ಜೋಡಿ ವರ್ಷಕ್ಕೊಂದು ಸಿಕ್ಕರೆ ಹೆಚ್ಚು. ನಿರ್ಮಾಪಕ ವಿಘ್ನೇಶ್ ಗುರುವಾರದಿಂದಲೇ ಆ ಹಳೆಯ ಮಾತನ್ನು ತೋರಿಸುವ ಜಾಹೀರಾತು ಬಿಟ್ಟರು.

ಶನಿವಾರ ಮಧ್ಯಾಹ್ನ ಟೇಪನ್ನು ಶೆಲ್ಫಿಗೆ ಸೇರಿಸುವಾಗ ಅನಸೂಯ ಅವರಿಗೆ ಒಂದು ಅನುಮಾನ ಬಂತು. ಆ ಮಾತು ಇದ್ದದ್ದು ಟೇಪಿನ ಕಟ್ಟಕಡೆಗೆ. ಭಾಷಣದ ನಡುವೆಯೇ ಟೇಪು ಮುಗಿದಿತ್ತು. ಮುಂದಿನ ನಂಬರಿನ ಟೇಪು ತೆಗೆದು ಹಾಕಿದರು. ಅದರ ಮೊದಲ ಮೂರು ಸೆಕೆಂಡಿನಲ್ಲಿ ಉಳಿದ ಮಾತಿತ್ತು: ‘...ಅಂತ ಹಿಂದಿನ ಸರ್ಕಾರದವರು ಹೇಳಿದ್ದರು.’

ತಮಿಳಿನಲ್ಲೂ ಕನ್ನಡದ ಹಾಗೆಯೇ ‘ಅಂತ ಅವರು ಹೇಳಿದರು’ ಎನ್ನುವುದು ವಾಕ್ಯದ ಕೊನೆಗೇ ಬರುವುದು. ಬಾಲ ಕತ್ತರಿಸಿದರೆ ಬೇರೆಯವರ ಮಾತು ಹೇಳುತ್ತಿರುವವನದ್ದೇ ಆಗಿಬಿಡುತ್ತದೆ. ಯಾರೂ ಬೇಕೆಂದು ಕತ್ತರಿಸಿರಲಿಲ್ಲ. ಆರು ವರ್ಷದ ಹಿಂದೆ ಮುಂದಿನ ಟೇಪು ನೋಡದೆ ಆ ಸಾಲನ್ನು ಬರೆದುಕೊಂಡವರು ಅನಸೂಯ ಅವರೇ.

“ಎರಡನೇ ಟೇಪು ತೆಗೆದು ನೋಡೋರು ಇಡೀ ಆಫೀಸಲ್ಲಿ ನಾನೊಬ್ಳೇ. ಬಾಯಿ ಮುಚ್ಕೊಂಡಿದ್ರೆ ಯಾರಿಗೂ ಗೊತ್ತಾಗ್ತಿರ್ಲಿಲ್ಲ. ಗುತ್ತಿಗೆ ಬೇರೆ ಆ ತಿಂಗಳೇ ಮುಗೀತಿತ್ತು.”

ಆಮೇಲೆ ಎರಡೂ ಟೇಪು ಹಿಡಿದು ಎಡಿಟಿಂಗ್ ಕೋಣೆಗೆ ಹೋದರು. ವಿಘ್ನೇಶ್ ಎರಡು ಸಲ ಕೇಳಿಸಿಕೊಂಡು ತಲೆ ಹಿಡಿದು ಕೂತರು.

“ಮೂರು ದಿನದಿಂದ ಜಾಹೀರಾತು ಓಡ್ತಿದೆ ಅನಸೂಯಕ್ಕಾ. ಈಗ ತೆಗೆದ್ರೆ ಹೆದರಿದ್ರು ಅಂತಾರೆ. ಬೇರೆಯವರದ್ದು ಹಾಕೋಣ ಅಂದ್ರೆ ಅಷ್ಟು ಒಳ್ಳೇದು ಯಾವುದಿದೆ?”

“ಇದೆ ತಂಬಿ,” ಎಂದರು ಇವರು. “ಗುರುವಾರ ನಾವು ಹೇಳಿದ್ದು ಇದ್ಯಲ್ಲ.”

ವಿಘ್ನೇಶ್ ಮೊದಲು ಸಿಡುಕಿದರು. ಕ್ಷಮೆ ಕೇಳುವುದಿದ್ದರೆ ಕೆಳಗೆ ಅಕ್ಷರದಲ್ಲಿ ಓಡಿಸಿದರೆ ಸಾಕಲ್ಲ ಎಂದರು. ಓಡುವ ಅಕ್ಷರ ಯಾರು ಓದುತ್ತಾರೆ, ತಪ್ಪು ಎಲ್ಲಿ ಹೇಳಿದೆವೋ ಅಲ್ಲೇ ಒಪ್ಪಿಕೊಳ್ಳಬೇಕು ಎಂದು ಇವರು ಪಟ್ಟು ಹಿಡಿದರು. ಸಂಜೆ ಸುದ್ದಿ ಓದುವ ನಟನನ್ನು ಕರೆಸಿ ‘ಹೇಳಿದ್ದು ನೀವೇ’ಯ ಎರಡು ನಿಮಿಷವನ್ನು ಮತ್ತೆ ಚಿತ್ರೀಕರಿಸಿದರು.

ಭಾನುವಾರ ಎಂದಿನಂತೆ ಗಂಟೆ ಹೊಡೆಯಿತು. ಹಳದಿ ಚೌಕಟ್ಟಿನೊಳಗೆ ಅವರದೇ ಜಾಹೀರಾತು, ಮೂಲೆಯಲ್ಲಿ ಗುರುವಾರದ ತಾರೀಖು. ಮತ್ತೆ ಟಿಣ್. ಮಂತ್ರಿಯ ಪೂರ್ತಿ ವಾಕ್ಯ, ಬಾಲದ ಸಮೇತ. ಸುದ್ದಿ ಓದುವವನು ಕಾಗದ ಸರಿಮಾಡಿಕೊಂಡು, ಅದೇ ನಗದ ಮುಖದಲ್ಲಿ, ‘ಸೊನ್ನದು ನಾಂಗದಾನ್’ ಎಂದ. ಹೇಳಿದ್ದು ನಾವೇ.

ಅನಸೂಯ ಅದನ್ನು ಮನೆಯಲ್ಲಿ ಮಗಳ ಜೊತೆ ನೋಡಿದರು. ವಿವರಿಸಬೇಕೇನೋ ಎಂದು ತಿರುಗುವಷ್ಟರಲ್ಲಿ ಪ್ರೇರಣಾ ನಗುತ್ತಿದ್ದಳು. “ಅಮ್ಮಾ, ನೀಂಗಳೇ ಮಾಟ್ಟಿಕ್ಕಿಟ್ಟೀಂಗಳಾ?” ಎಂದಳು ತಮಿಳಿನಲ್ಲಿ. ನೀವೇ ಸಿಕ್ಕಿಬಿದ್ದಿರಾ ಎಂದು. ಅವಳಿಗೆ ಅರ್ಥವಾಗಲು ಆ ಗಂಟೆ, ಆ ಚೌಕಟ್ಟು ಸಾಕಾಗಿದ್ದವು.

ಸೋಮವಾರ ಚಾನೆಲ್ಲಿನ ಫೋನು ಬಿಡುವಿಲ್ಲದೆ ಬಡಿದುಕೊಂಡಿತು. ಮಂತ್ರಿಯ ಕಡೆಯವರು ಒಂದು ಸಾಲಿನ ಪತ್ರ ಕಳಿಸಿ ಸುಮ್ಮನಾದರು. ಅನಸೂಯ ಅವರ ಗುತ್ತಿಗೆಯ ಕಾಗದ ಎರಡು ವಾರ ತಡವಾಗಿ ಬಂತು. ಆ ಎರಡು ವಾರ ತನಗೆ ಸರಿಯಾಗಿ ಊಟ ಸೇರಲಿಲ್ಲ ಎಂದು ಅವರು ಒಪ್ಪಿಕೊಳ್ಳುತ್ತಾರೆ. ಈಗ ಯಾವ ಮಾತೇ ಆಗಲಿ, ಹಿಂದಿನ ಒಂದು ನಿಮಿಷ, ಮುಂದಿನ ಒಂದು ನಿಮಿಷ ಕೇಳದೆ ಎಡಿಟಿಂಗ್ ಕೋಣೆಗೆ ಹೋಗುವುದಿಲ್ಲ. ಅದು ಇವರೇ ಹಾಕಿಕೊಂಡ ನಿಯಮ. ಹೊಸದಾಗಿ ಸೇರಿದವರಿಗೂ ಅದನ್ನೇ ಕಲಿಸುತ್ತಾರೆ.

ಕಾರ್ಯಕ್ರಮದ ಕೊನೆಯಲ್ಲಿ ಓಡುವ ಹೆಸರುಗಳ ಸಾಲಿನಲ್ಲಿ ಇವರ ಹೆಸರಿಲ್ಲ. ಇರಬೇಕೆಂದು ಅನಿಸುವುದಿಲ್ಲವೇ?

“ಹೆಸರು ಇದ್ರೆ ಸಂತೋಷವೇ, ಇಲ್ಲ ಅನ್ನಲ್ಲ,” ಎನ್ನುತ್ತಾರೆ ಅನಸೂಯ, ಇನ್ನೊಂದು ಟೇಪನ್ನು ಮೆಷಿನ್ನಿಗೆ ತಳ್ಳುತ್ತ. “ಈ ಒಂದು ವರ್ಷದಲ್ಲಿ ಎಷ್ಟೋ ಜನ ನಮಗೆ ಪತ್ರ ಬರೆದು ಬೈದಿದ್ದಾರೆ ಸರ್. ‘ನಾನು ಹಾಗೆ ಹೇಳಿಲ್ಲ’ ಅಂತ ಮಾತ್ರ ಒಬ್ರೂ ಬರೆದಿಲ್ಲ.”