ನಾಲ್ಕರಿಂದ ಭಾಗವಾಗುವ ಉಸಿರು

ಎಂಟು ವರ್ಷ ರಾಣೆಬೆನ್ನೂರಿನ ನರ್ಸಿಂಗ್ ಹೋಮೊಂದರಲ್ಲಿ ‘ಸಿಸ್ಟರ್, ಸಿಸ್ಟರ್’ ಎಂದು ಕರೆಸಿಕೊಂಡು ಮೆರೆದವರಿಗೆ, ಮೂವತ್ಮೂರನೇ ವಯಸ್ಸಿನಲ್ಲಿ ಬೆಂಗಳೂರಿಗೆ ಬಂದು ಮತ್ತೆ ವಿದ್ಯಾರ್ಥಿನಿಯಾಗುವುದು ಸುಲಭವಲ್ಲ. ನೀಲಮ್ಮನವರು ವಿಜಯನಗರದ ಕಾಲೇಜಿನಲ್ಲಿ ಪೋಸ್ಟ್ ಬೇಸಿಕ್ ಬಿಎಸ್ಸಿ ನರ್ಸಿಂಗ್ ಓದುತ್ತಿದ್ದರು. ಡಿಗ್ರಿ ಸಿಕ್ಕರೆ ಸರ್ಕಾರಿ ಕೆಲಸಕ್ಕೆ ದಾರಿ ಎಂಬ ಆಸೆಯಿಂದ ನಾಲ್ಕು ವರ್ಷದ ಮಗಳು ನಿಖಿತಾಳನ್ನು ಊರಿನಲ್ಲಿ ಅತ್ತೆ ದುರ್ಗವ್ವನ ಬಳಿ ಬಿಟ್ಟು ಬಂದಿದ್ದರು. ಮಕ್ಕಳ ವಾರ್ಡಿನಲ್ಲಿ ಪೋಸ್ಟಿಂಗ್ ಬಿದ್ದ ಮೇಲಂತೂ ಯಾವ ಮಗು ಕೆಮ್ಮಿದರೂ ಅವರ ಕೈ ಫೋನಿನ ಕಡೆಗೆ ಹೋಗುತ್ತಿತ್ತು.

ಶನಿವಾರ ನಾಗರ ಪಂಚಮಿ. ಉತ್ತರ ಕರ್ನಾಟಕದವರಿಗೆ ಪಂಚಮಿ ಎಂದರೆ ಎಳ್ಳು-ಶೇಂಗಾದ ಸಿಹಿ ಉಂಡಿ ಮತ್ತು ಜೋಕಾಲಿ. ‘ಜೋಕಾಲಿ ನೀನ ತೂಗಬೇಕು’ ಎಂದು ಮಗಳು ಫೋನಿನಲ್ಲಿ ಕಟ್ಟಪ್ಪಣೆ ಮಾಡಿದ್ದಳು. ಶುಕ್ರವಾರ ರಾತ್ರಿಯ ರೈಲಿಗೆ ಟಿಕೆಟ್ಟೂ ಆಗಿತ್ತು. ಆದರೆ ಕಾಲೇಜಿನ ನಿಯಮ ರೈಲ್ವೆಗಿಂತ ಕಟ್ಟುನಿಟ್ಟು. ವಾರ್ಡಿನ ಒಬ್ಬ ರೋಗಿಯ ಬಗ್ಗೆ ಬರೆದ ಕೇಸ್ ಸ್ಟಡಿಗೆ ಸಹಿ ಬೀಳದೆ ಹಾಸ್ಟೆಲಿನಿಂದ ಊರಿಗೆ ಬಿಡುವಂತಿಲ್ಲ.

ಸಹಿ ಹಾಕಬೇಕಾದವರು ಮಕ್ಕಳ ಆರೋಗ್ಯ ಶುಶ್ರೂಷೆಯ ವರಲಕ್ಷ್ಮಿ ಮೇಡಂ. ಅವರ ಕೆಂಪು ಪೆನ್ನಿಗೆ ಡಾಕ್ಟರ ಸ್ಟೆತಾಸ್ಕೋಪಿಗಿಂತ ಹೆಚ್ಚು ಗೌರವವಿತ್ತು. ‘ಮಾರ್ಜಿನ್ ಇಲ್ಲದ ಪೇಜು, ಆಕ್ಸಿಜನ್ ಇಲ್ಲದ ಪೇಷಂಟು’ ಎಂಬ ತಮ್ಮ ಮಾತಿಗೆ ಪ್ರತಿವರ್ಷ ತಾವೇ ಮೊದಲು ನಗುತ್ತಿದ್ದರು.

ಶುಕ್ರವಾರ ಮಧ್ಯಾಹ್ನ ಮೇಡಂ ನೀಲಮ್ಮನ ಫೈಲು ತೆರೆದರು. ಎರಡೂವರೆ ವರ್ಷದ ದರ್ಶನ್. ಮೂರು ದಿನದ ಜ್ವರ, ಕೆಮ್ಮು. ಬಂದಾಗ ಮೂಗಿನ ಹೊಳ್ಳೆ ಅರಳುತ್ತಿತ್ತು, ಉಸಿರೆಳೆದಾಗ ಪಕ್ಕೆಯ ಕೆಳಗೆ ಎದೆ ಒಳಕ್ಕೆ ಹೋಗುತ್ತಿತ್ತು, ರಕ್ತದಲ್ಲಿ ಆಮ್ಲಜನಕ ಶೇಕಡ ತೊಂಬತ್ತಕ್ಕಿಂತ ಕೆಳಗಿತ್ತು. ಎಕ್ಸ್‌ರೇಯಲ್ಲಿ ಬಲ ಶ್ವಾಸಕೋಶದ ಕೆಳಗೆ ಬಿಳಿ ಮಚ್ಚೆ. ನ್ಯುಮೋನಿಯಾ. ಮೂಗಿಗೆ ಆಕ್ಸಿಜನ್ ನಳಿಕೆ, ರಕ್ತನಾಳಕ್ಕೆ ಆಂಟಿಬಯೋಟಿಕ್. ಪುಸ್ತಕ ಹೇಳುವ ‘ಬುಕ್ ಪಿಕ್ಚರ್’ ಮತ್ತು ರೋಗಿಯಲ್ಲಿ ಕಂಡ ‘ಪೇಷಂಟ್ ಪಿಕ್ಚರ್’ ಎಂಬ ಎರಡು ಕಾಲಂ ಮುತ್ತು ಪೋಣಿಸಿದ ಹಾಗಿದ್ದವು. ಮೇಡಂ ತಲೆಯಾಡಿಸುತ್ತ ಹೋದವರು ಉಸಿರಾಟದ ದರದ ಬಳಿ ನಿಂತರು.

“ಅರವತ್ನಾಲ್ಕು, ಅರವತ್ತು, ಐವತ್ತಾರು, ಐವತ್ತೆರಡು. ಏನ್ರೀ ನೀಲಮ್ಮ, ನಿಮ್ಮ ಪೇಷಂಟ್ ನಾಲ್ಕರ ಮಗ್ಗಿ ಪ್ರಕಾರ ಉಸಿರಾಡ್ತಾನಾ?”

ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸುವುದು ನೀಲಮ್ಮನ ಎಂಟು ವರ್ಷದ ಅನುಭವದ ಫಲ.

“ಅಳ್ತಿರುವಾಗ ಎಣಿಸಿದ್ರಾ?”

“ನಾನು ಹತ್ರ ಹೋದ್ರೆ ಅಳ್ತಾನೆ ಮೇಡಂ.”

“ಅತ್ತರೆ ಯಾರ ಉಸಿರಾದ್ರೂ ಜೋರಾಗುತ್ತೆ. ಮಗು ಶಾಂತವಾಗಿರಬೇಕು, ಪೂರ್ತಿ ಒಂದು ನಿಮಿಷ ಎಣಿಸಬೇಕು. ಹೋಗ್ಲಿ, ಆರೈಕೆಯ ಆದ್ಯತೆ ಪಟ್ಟಿ ನೋಡೋಣ.” ಪುಟ ತಿರುಗಿತು. “ಮೊದಲನೇದು, ತಾಯಿಯಿಂದ ಅಗಲಿಕೆಯ ಭಯ ಮತ್ತು ಆತಂಕ. ಇದು ಯಾರ ಆತಂಕ? ಪೇಷಂಟ್‌ದಾ, ನಿಮ್ದಾ?”

ಪಕ್ಕದಲ್ಲಿದ್ದ ಬಿಂದುಶ್ರೀ ಕಿಸಕ್ಕೆಂದಳು. ಅವಳು ತರಗತಿಗೆಲ್ಲ ಚಿಕ್ಕವಳು.

“ಮಗು ಮೊದಲು ಉಸಿರಾಡ್ಲಿ ಕಣ್ರೀ, ಆಮೇಲೆ ಅಮ್ಮ ಬೇಕು ಅನ್ಲಿ. ಮೊದಲು ಉಸಿರಾಟ, ಕಫ, ಆಕ್ಸಿಜನ್. ಆಮೇಲೆ ಜ್ವರ. ಆಮೇಲೆ ನೀರು, ಊಟ. ನಿಮ್ಮ ಆತಂಕ ನಾಲ್ಕನೇದು. ತಿದ್ದಿ ತನ್ನಿ. ನಾನು ನಾಲ್ಕೂವರೆಗೆ ಹೊರಡ್ತೀನಿ.”

ಆತಂಕವನ್ನು ನಾಲ್ಕಕ್ಕೆ ಇಳಿಸುವುದು ಎರಡು ನಿಮಿಷದ ಕೆಲಸ, ಕಾಗದದ ಮೇಲೆ. ಉಳಿದದ್ದು ಉಸಿರು. ಕಾರಿಡಾರಿನಲ್ಲಿ ಬಿಂದುಶ್ರೀ ಪಿಸುಗುಟ್ಟಿದಳು: “ಅಕ್ಕಾ, ನಲವತ್ಮೂರು ಅಂತ ಬರ್ದ್ಬಿಡಿ. ನಾಲ್ಕರಿಂದ ಭಾಗ ಹೋಗಲ್ಲ. ಟ್ರೈನ್ ಹತ್ತಿ.”

ನೀಲಮ್ಮ ಪೆನ್ಸಿಲಿನಲ್ಲಿ ಬರೆದೂ ಬಿಟ್ಟರು. ನಲವತ್ಮೂರು ಚೆನ್ನಾಗಿಯೇ ಕಾಣುತ್ತಿತ್ತು. ಆದರೆ ಅದೇ ಅಂಕಿ ವಾರ್ಡಿನ ಚಾರ್ಟಿಗೂ ಹೋಗಬೇಕು; ಚಾರ್ಟು ನೋಡಿ ಡಾಕ್ಟರು ಆಕ್ಸಿಜನ್ ಇಳಿಸುತ್ತಾರೆ. ರಬ್ಬರಿನಿಂದ ಉಜ್ಜಿ, ವಾರ್ಡಿಗೆ ನಡೆದರು.

ನೀಲಮ್ಮನ ಬಿಳಿ ಕೋಟು ಕಂಡೊಡನೆ ದರ್ಶನ್ ಅಳಲು ಬಾಯಿ ತೆರೆದ. ಪಕ್ಕದಲ್ಲಿ ಕೂತಿದ್ದ ಅಜ್ಜಿ ಪಾಪಮ್ಮ, “ಸೂಜಿ ಅಲ್ಲ ಕಣೋ, ಬರೀ ಲೆಕ್ಕ ಮಾಡ್ತಾರಂತೆ” ಎಂದು ಸಮಾಧಾನ ಹೇಳಿದಷ್ಟೂ ಅವನಿಗೆ ಲೆಕ್ಕದ ಮೇಲೆ ಅನುಮಾನ ಹೆಚ್ಚಾಯಿತು. ಕೋಟು ತೆಗೆದರು, ಅತ್ತ. ಬಾಗಿಲ ಮರೆಯಲ್ಲಿ ನಿಂತರು, ಇಣುಕಿ ನೋಡಿ ಅತ್ತ. ಅತ್ತಾಗಲೆಲ್ಲ ನಳಿಕೆ ಕಿತ್ತುಕೊಳ್ಳುತ್ತಿದ್ದ. ಅದನ್ನು ಸರಿಮಾಡಲು ಹೋದರೆ ಇನ್ನಷ್ಟು ಅತ್ತ.

“ಅವರಮ್ಮ ಬರ್ಲಿ ತಾಳವ್ವ. ನಾಯಂಡಹಳ್ಳಿ ಊದಿನಕಡ್ಡಿ ಫ್ಯಾಕ್ಟ್ರಿಲಿ ರಜ ಮುಗೀತು ಅವಳಿಗೆ. ಸಂಜೆ ಬತ್ತಾಳೆ” ಎಂದರು ಪಾಪಮ್ಮ.

ನಾಲ್ಕೂವರೆಗೆ ವರಲಕ್ಷ್ಮಿ ಮೇಡಂ ಹೆಲ್ಮೆಟ್ ಹಾಕಿಕೊಂಡು ಸ್ಕೂಟರ್ ಏರಿದ್ದನ್ನು ನೀಲಮ್ಮ ಕಿಟಕಿಯಿಂದಲೇ ನೋಡಿದರು. ಓಡಿಹೋಗಿ ತಡೆದರೆ ಸಹಿ ಸಿಗುತ್ತಿತ್ತೇನೋ. ಯಾವ ಅಂಕಿಯ ಮೇಲೆ? ಅವರು ಕದಲಲಿಲ್ಲ. ಸ್ಕೂಟರು ಟ್ರಾಫಿಕ್ಕಿನಲ್ಲಿ ಕರಗಿತು. ಅದರೊಡನೆ ರಾತ್ರಿಯ ರೈಲೂ.

ಸಂಜೆ ದರ್ಶನನ ತಾಯಿ ಪುಟ್ಟಲಕ್ಷ್ಮಿ ಊದಿನಕಡ್ಡಿಯ ಘಮದೊಂದಿಗೆ ಒಳಬಂದಳು. ಕೈ ತೊಳೆದು, ಸೀರೆ ಬದಲಿಸಿ, ಮಂಚದ ಮೇಲೆ ಕೂತು ಮಗನನ್ನು ಎದೆಗೆ ನೆಟ್ಟಗೆ ಒರಗಿಸಿಕೊಂಡಳು. ಹುಡುಗ ಎರಡು ಸಲ ಬಿಕ್ಕಿದ. ಆಮೇಲೆ ನಿಶ್ಶಬ್ದ. ನಳಿಕೆಯನ್ನೂ ಮುಟ್ಟಲಿಲ್ಲ.

ನೀಲಮ್ಮ ಗಡಿಯಾರ ನೋಡುತ್ತ ಅಂಗಿಯ ಕೆಳಗಿನ ಪುಟ್ಟ ಹೊಟ್ಟೆಯ ಏರಿಳಿತ ಎಣಿಸಿದರು. ಪೂರ್ತಿ ಒಂದು ನಿಮಿಷ. ನಲವತ್ತೇಳು. ಆ ವಯಸ್ಸಿಗೆ ನಲವತ್ತು ದಾಟಿದರೆ ವೇಗದ ಉಸಿರೇ. ಎದೆಯೂ ಇನ್ನೂ ತುಸು ಒಳಕ್ಕೆ ಹೋಗುತ್ತಿತ್ತು. ವಾರ್ಡಿನ ಸಿಸ್ಟರಿಗೆ ಹೇಳಿ ಚಾರ್ಟಿನಲ್ಲಿ ಬರೆದರು. ಡಾಕ್ಟರು ಆ ರಾತ್ರಿ ಆಕ್ಸಿಜನ್ ಇಳಿಸಲಿಲ್ಲ.

“ನಿಮ್ಗೆ ಮಕ್ಳಿದಾರಾ ಸಿಸ್ಟರ್?” ಪುಟ್ಟಲಕ್ಷ್ಮಿ ದನಿ ತಗ್ಗಿಸಿ ಕೇಳಿದಳು.

“ಒಬ್ಳು. ಊರಲ್ಲಿದಾಳೆ.”

“ಹೆಂಗಿರ್ತೀರಾ?”

ನೀಲಮ್ಮ ದರ್ಶನನ ಕಾಲ ಮೇಲೆ ಹೊದಿಕೆ ಸರಿಮಾಡಿ ಎದ್ದರು.

ಶನಿವಾರ ಬೆಳಿಗ್ಗೆ ಮೇಡಂ ತಿದ್ದಿದ ಪುಟ ಓದಿದರು. ಮೊದಲ ಆದ್ಯತೆ ಉಸಿರಾಟ. ಅದರ ಕೆಳಗೆ ಶುಶ್ರೂಷೆಯ ಕ್ರಮ: ‘ಮಗುವನ್ನು ತಾಯಿಯ ಮಡಿಲಿನಲ್ಲಿ ನೆಟ್ಟಗೆ ಕೂರಿಸುವುದು, ಅಳು ತಗ್ಗಿದಷ್ಟೂ ಆಮ್ಲಜನಕದ ಬೇಡಿಕೆ ತಗ್ಗುತ್ತದೆ.’

“ಆತಂಕಾನ ನಾಲ್ಕಕ್ಕೆ ಇಳಿಸಿ, ಅಮ್ಮನ್ನ ಒಂದಕ್ಕೇ ಕೂರಿಸಿದೀರಾ?”

“ಅಲ್ಲಿ ಕೂತ್ರೇ ಉಸಿರು ಸರಿಹೋಗೋದು ಮೇಡಂ. ನಾನೇ ನೋಡ್ದೆ.”

ಕೆಂಪು ಪೆನ್ನು ಸಹಿ ಹಾಕಿತು. “ಸರಿ, ಇವತ್ತು ಊರಿಗೆ ಹೋಗಿ.”

“ಹಬ್ಬ ಇವತ್ತೇ ಮೇಡಂ. ನಾನು ಮುಟ್ಟೋಷ್ಟ್ರಲ್ಲಿ ಜೋಕಾಲಿ ಬಿಚ್ಚಿರ್ತಾರೆ. ಭಾನುವಾರ ವಾಪಸ್ ಬರ್ಬೇಕು.”

ಮೇಡಂ ಫೈಲನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ಟರು.

ಮಧ್ಯಾಹ್ನ ಹಾಸ್ಟೆಲಿನ ಮೆಟ್ಟಿಲ ಮೇಲೆ ಕೂತು ನೀಲಮ್ಮ ಊರಿಗೆ ಫೋನು ಮಾಡಿದರು.

“ಜೋಕಾಲಿ ಆಡಿ ಆಡಿ ಸಾಕಾಗಿ ಮಕ್ಕೊಂಡಾಳ. ಅವ್ವ ಯಾಕ ಬರ್ಲಿಲ್ಲಂತ ಒಂದೀಟು ಅತ್ಲು, ಆಮ್ಯಾಲ ಉಂಡಿ ತಿಂದ್ಲು. ಎಬ್ಬಸ್ಲೇನವಾ?” ಎಂದರು ದುರ್ಗವ್ವ.

“ಬ್ಯಾಡ್ರಿ ಅತ್ತಿ. ಫೋನು ಆಕಿ ಮೂಗಿನ ಹತ್ರ ಹಿಡೀರಿ ಸಾಕು.”

“ಅಯ್ಯ, ಅದೇನ್ ಕೇಳ್ತಿ? ಬರೇ ಉಸರು.” ಗೊಣಗಿದರೂ ಹಿಡಿದರು.

ಮೊದಲು ಬಳೆಯ ಸದ್ದು. ಆಮೇಲೆ, ದೂರದಿಂದ, ಸಣ್ಣಗೆ, ಒಂದು. ಇನ್ನೊಂದು. ನೀಲಮ್ಮನ ಕಣ್ಣು ತಾನಾಗಿಯೇ ಗಡಿಯಾರಕ್ಕೆ ಹೋಯಿತು. ಹದಿನೈದು ಸೆಕೆಂಡು ದಾಟಿತು. ನಡುವೆ ಎಲ್ಲೋ ಲೆಕ್ಕ ತಪ್ಪಿತು.

“ಕೇಳ್ತೇನ? ನನ್ನ ಕೈ ಸೋತೈತಿ” ಎಂದರು ದುರ್ಗವ್ವ.

“ಇನ್ನೊಂದು ನಿಮಿಷ ಅತ್ತಿ,” ಎಂದು ನೀಲಮ್ಮ ಮೊದಲಿನಿಂದ ಎಣಿಸತೊಡಗಿದರು.