ಮೇಲಿದ್ದ ಸಾಲನ್ನು ಕೆಳಗಿಟ್ಟವನು

ನವಿ ಮುಂಬಯಿಯ ಐರೋಲಿಯಲ್ಲಿರುವ ನಮ್ಮ ಆಫೀಸಿನಲ್ಲಿ ಬಿಲ್ಡ್ ಕೆಟ್ಟರೆ ಒಂದು ರೂಢಿಯಿತ್ತು. ಯಾರ ಕೋಡ್ ಸೇರಿಸುವಾಗ ಕೆಟ್ಟಿತೋ ಅವರ ಮೇಜಿನ ಮೇಲೆ ಕಟ್ಟಡದ ಕೆಲಸದವರು ಹಾಕುವ ಹಳದಿ ಹೆಲ್ಮೆಟ್ ತಂದಿಡುತ್ತಿದ್ದರು. ಇನ್ನೊಬ್ಬರು ಕೆಡಿಸುವವರೆಗೂ ಅದು ಅಲ್ಲೇ. ಎಲ್ಲರೂ ನಗುತ್ತಿದ್ದರು. ನನಗೆ ನಗು ಬರುತ್ತಿರಲಿಲ್ಲ. ನಮ್ಮಪ್ಪ ಕಲಬುರಗಿ ಕಡೆಯಿಂದ ಬಂದು, ಅಂಥದ್ದೇ ಹೆಲ್ಮೆಟ್ ಹಾಕಿಕೊಂಡು ಠಾಣೆಯ ಎಷ್ಟೋ ಕಟ್ಟಡಗಳಿಗೆ ಸಿಮೆಂಟ್ ಹೊತ್ತವರು. ನಮ್ಮ ಮನೆಯಲ್ಲಿ ಪದವಿ ಪಡೆದ ಮೊದಲಿಗ ನಾನು. ಠಾಣೆ ಪಕ್ಕದ ಕಳವಾ ಎಂಬಲ್ಲಿನ ಒಂದೇ ಕೋಣೆಯ ಮನೆಯಲ್ಲಿ, ಬಾಗಿಲ ಹೊರಗಿನ ಮೆಟ್ಟಿಲ ಮೇಲೆ ಕೂತು ಓದಿದವನು. ಅದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಆದರೆ ಆ ಹೆಲ್ಮೆಟ್ ನನ್ನ ಮೇಜಿಗೆ ಬರಬಾರದು ಎಂಬ ಹಟವಿತ್ತು. ಮೂರು ವರ್ಷ ಬರಲೂ ಇಲ್ಲ.

ಬಿಲ್ಡ್ ಅಂದರೆ ಇಷ್ಟೇ: ನಾವು ಕೋಡ್ ಕಳಿಸಿದ ಕೂಡಲೇ ಎಲ್ಲೋ ಇರುವ ಒಂದು ಯಂತ್ರ ಅದನ್ನು ಕಟ್ಟಿ, ಪರೀಕ್ಷಿಸಿ, ಹಸಿರೋ ಕೆಂಪೋ ಗುರುತು ಹಾಕುತ್ತದೆ. ಮೊದಲು ಯಾವುದು, ಆಮೇಲೆ ಯಾವುದು ಎಂದು ಅದಕ್ಕೆ ಹೇಳಲು ವರ್ಕ್‌ಫ್ಲೋ ಫೈಲ್ ಇರುತ್ತದೆ. ಬರೆದ ಕ್ರಮದಲ್ಲೇ ನಡೆಯುತ್ತದೆ, ತನ್ನ ಬುದ್ಧಿ ಓಡಿಸುವುದಿಲ್ಲ.

ನಮ್ಮ ಫೈಲ್ ಹಲವರ ಕೈ ಬಿದ್ದು ಗೋಜಲಾಗಿತ್ತು. ಯಾರೂ ಹೇಳದಿದ್ದರೂ ನಾನದನ್ನು ಓರಣ ಮಾಡಿದೆ. ಕೋಡ್ ಕಟ್ಟುವ ಹೆಜ್ಜೆಗಿಂತ ಮೇಲೆ ‘ಡಾಕ್ಸ್’ ಎಂಬ ಒಂದು ಹೆಜ್ಜೆಯಿತ್ತು. ದಾಖಲೆ ಬರೆಯುವುದಕ್ಕೆ ಇಷ್ಟು ಅವಸರವೇಕೆ ಎಂದು ಅದನ್ನು ಕೊನೆಗೆ ತಳ್ಳಿದೆ. ಎಲ್ಲ ಹೆಜ್ಜೆಗಳಿಗೂ ಸಿಗುವಂತೆ ಮೇಲೆ ಬರೆದಿದ್ದ ಸರ್ವರ್ ವಿಳಾಸದ ವೇರಿಯೇಬಲ್ ಅನ್ನು ಕೋಡ್ ಕಟ್ಟುವ ಹೆಜ್ಜೆಯೊಳಗೆ ಮಾತ್ರ ಇಟ್ಟೆ. ಆಗ ಬೇರೆ ಯಾವ ಹೆಜ್ಜೆಯೂ ಅದನ್ನು ಬಳಸುತ್ತಿರಲಿಲ್ಲ. ಗುರುತು ಹಸಿರು ಬಂತು. ನಮ್ಮ ತಂಡದ ಲೀಡ್, ಠಾಣೆಯ ವರ್ತಕ ನಗರದ ಮರಾಠಿ ಮನುಷ್ಯ, ಎಲ್ಲರೆದುರು ನನ್ನ ಬೆನ್ನು ತಟ್ಟಿದರು. ಅವತ್ತು ಮನೆಗೆ ಹೋಗಿ ಅಪ್ಪನಿಗೂ ಹೇಳಿದೆ. ಅವರಿಗೆ ತಿಳಿದದ್ದು ಶಹಬ್ಬಾಸ್ ಎಂಬುದೊಂದೇ, ಅದನ್ನೇ ಪಕ್ಕದ ಮನೆಯವರಿಗೂ ಹೇಳಿಬಂದರು.

ಹತ್ತು ದಿನದ ಮೇಲೆ ತಂಡಕ್ಕೆ ಹೊಸದಾಗಿ ಸೇರಿದ್ದ ಹುಡುಗಿಯ ಬಿಲ್ಡ್ ಕೆಂಪಾಯಿತು. ಉಡುಪಿ ಕಡೆಯವರ ಮಗಳು, ಡೊಂಬಿವಲಿಯಲ್ಲಿ ಅವರದೊಂದು ಸಣ್ಣ ಹೋಟೆಲಿದೆ. ಆಗವಳ ಪ್ರೊಬೇಷನ್ ಮುಗಿಯಲು ಮೂರು ವಾರವಿತ್ತು. ಹಿಂದಿನ ಕಂಪನಿಯವರು ಪ್ರೊಬೇಷನ್‌ನಲ್ಲೇ ಬಿಡಿಸಿ ಕಳಿಸಿದ್ದರು. “ಇಲ್ಲೂ ಹಾಗೇ ಆದ್ರೆ ಮುಗೀತು ಮಾರಾಯ್ರೇ, ಮತ್ತೆ ನನ್ನ ರೆಸ್ಯೂಮೆ ಯಾರು ನೋಡ್ತಾರೆ?” ಎಂದು ನನಗೇ ಹೇಳಿದ್ದಳು. ಆಫೀಸಿನಲ್ಲಿ ಕನ್ನಡದವರು ನಾವಿಬ್ಬರೇ.

“ಲ್ಯಾಪ್‌ಟಾಪ್‌ನಲ್ಲಿ ಸರಿಯಾಗಿ ನಡೀತಿದೆ ಸರ್,” ಎಂದು ಲೀಡ್‌ಗೆ ಹಿಂದಿಯಲ್ಲಿ ಹೇಳಿದಳು.

“ತೋ ಕ್ಯಾ ಕರೂಂ? ಕ್ಲೈಂಟ್ ಕೋ ತೇರಾ ಲ್ಯಾಪ್‌ಟಾಪ್ ಭೇಜ್ ದೂಂ?” ಎಂದರು ಅವರು. ಹಾಗಾದರೆ ಗ್ರಾಹಕರಿಗೆ ನಿನ್ನ ಲ್ಯಾಪ್‌ಟಾಪನ್ನೇ ಕಳಿಸಲೇ ಎಂಬ ಮಾತಿಗೆ ಎಲ್ಲರೂ ನಕ್ಕರು. ಹೆಲ್ಮೆಟ್ ಅವಳ ಮೇಜಿಗೆ ಹೋಯಿತು.

ಅವಳು ತನ್ನ ಪರದೆಯನ್ನು ನನ್ನ ಕಡೆ ತಿರುಗಿಸಿದಳು. ಕೋಡ್ ಕಟ್ಟುವಾಗ ಒಂದು ಫೋಲ್ಡರ್ ಸಿಗುತ್ತಿಲ್ಲ ಎಂದು ಬರೆದಿತ್ತು. ನೋಡಿದ ಕೂಡಲೇ ನನಗೆ ಕಾರಣ ತಿಳಿಯಿತು. ಹೆಸರು ಡಾಕ್ಸ್ ಎಂದಿದ್ದರೂ ಆ ಹೆಜ್ಜೆ ದಾಖಲೆಯ ಜೊತೆಗೆ ಕೋಡಿಗೆ ಬೇಕಾದ ಕೆಲವು ಫೈಲುಗಳನ್ನೂ ತಯಾರಿಸುತ್ತಿತ್ತು. ಹಾಗಾದರೆ ನನ್ನ ಬಿಲ್ಡ್ ಹಸಿರಾದದ್ದು ಹೇಗೆ? ಕ್ಯಾಶೆಯಿಂದ. ಹಿಂದಿನ ಸಲ ತಯಾರಾದ ಫೋಲ್ಡರನ್ನು ಯಂತ್ರ ತೆಗೆದಿಟ್ಟುಕೊಂಡಿರುತ್ತದೆ. ನಾವು ಬಳಸುವ ಲೈಬ್ರರಿಗಳ ಪಟ್ಟಿ ಬದಲಾಗದಿದ್ದರೆ ಅದನ್ನೇ ಮತ್ತೆ ತಂದು ಹಾಕುತ್ತದೆ. ನಾನು ಪಟ್ಟಿ ಮುಟ್ಟಿರಲಿಲ್ಲ. ಇವಳು ಹೊಸದೊಂದು ಲೈಬ್ರರಿ ಸೇರಿಸಿದ್ದಳು. ಹಳೆಯ ಫೋಲ್ಡರ್ ಬರಲಿಲ್ಲ, ಹೊಸದು ಇನ್ನೂ ತಯಾರಾಗಿರಲಿಲ್ಲ.

“ಈ ಡಾಕ್ಸ್ ಮೊದಲಿಂದ ಹೀಗೆ ಕೆಳಗೇ ಇತ್ತಾ?” ಎಂದು ಕೇಳಿದಳು.

“ಹಾಂ... ಇರಬೇಕು,” ಅಂದೆ.

ಮರೆತು ಹೇಳಿದ ಮಾತಲ್ಲ ಅದು. ಗೊತ್ತಿದ್ದೇ ಹೇಳಿದ್ದು. ಅವಳು ನಂಬಿದಳು, ಫೈಲಿನಲ್ಲಿ ಯಾರು ಏನು ಬದಲಿಸಿದರೆಂಬ ಇತಿಹಾಸ ತೆರೆದು ನೋಡಲಿಲ್ಲ. ತನ್ನ ಲೈಬ್ರರಿಯೇ ತಪ್ಪೆಂದುಕೊಂಡು ಎರಡು ದಿನ ಅದನ್ನು ತೆಗೆದು, ಮತ್ತೆ ಹಾಕಿ ಒದ್ದಾಡಿ, ಕಡೆಗೆ ಡಾಕ್ಸ್ ಹೆಜ್ಜೆಯನ್ನು ಮೇಲೆ ಎತ್ತಿಡುವುದನ್ನು ತಾನೇ ಕಂಡುಕೊಂಡಳು. “ಎಲ್ಲರಿಗೂ ನಡೀತಿದ್ದ ಫೈಲ್ ನಿನಗ್ಯಾಕೆ ನಡೀಲಿಲ್ಲ?” ಎಂದು ಲೀಡ್ ಹಿಂದಿಯಲ್ಲೇ ಗೊಣಗಿದರು.

ಮುಂದಿನ ವಾರ ಮತ್ತೆ ಅವಳದೇ ಕೆಂಪು. ಅವಳು ಬರೆದ ಹೊಸ ಪರೀಕ್ಷೆಗೆ ಸರ್ವರ್ ವಿಳಾಸ ಬೇಕಿತ್ತು. ಅವಳ ಲ್ಯಾಪ್‌ಟಾಪಿನಲ್ಲಿ ಅದಿತ್ತು. ಯಂತ್ರದಲ್ಲಿ ನಾನು ಅದನ್ನು ಬೇರೆ ಹೆಜ್ಜೆಯೊಳಗೆ ಕೂಡಿಹಾಕಿದ್ದೆ. ಒಂದು ಹೆಜ್ಜೆಯೊಳಗೆ ಇಟ್ಟದ್ದು ಇನ್ನೊಂದಕ್ಕೆ ಕಾಣುವುದಿಲ್ಲ. ಅವಸರಕ್ಕೆ ಅವಳು ವಿಳಾಸವನ್ನು ಕೋಡಿನೊಳಗೇ ಬರೆದಳು. ವಿಳಾಸ ಬದಲಾದರೆ ಎಲ್ಲ ಕೆಡುವ ಹಾಗೆ ಬರೆಯುವುದು ನಮ್ಮಲ್ಲಿ ನಿಷಿದ್ಧ, ಅದಕ್ಕಂತೂ ಲೀಡ್ ಕೆಂಡವಾದರು. ಕೆಡಿಸಿದ್ದು ನಾನು, ತೇಪೆ ಹಾಕಲು ಹೋಗಿ ಸಿಕ್ಕಿಬಿದ್ದದ್ದು ಅವಳು. ಅವತ್ತು ಸಂಜೆ ವೇರಿಯೇಬಲನ್ನು ಮೊದಲಿದ್ದ ಜಾಗಕ್ಕೆ ಹಾಕಿ ‘ಸಣ್ಣ ದುರಸ್ತಿ’ ಎಂದು ಬರೆದು ಕಳಿಸಿದೆ. ಬಿಲ್ಡ್ ಹಸಿರಾಯಿತು. ಅವಳು ಬಂದು ಥ್ಯಾಂಕ್ಸ್ ಹೇಳಿದಳು. ನಾನು ತಗೊಂಡೆ.

ಶುಕ್ರವಾರ ಅವಳಿಗೆ ಪತ್ರ ಬಂತು. ಪ್ರೊಬೇಷನ್ ಇನ್ನೂ ಮೂರು ತಿಂಗಳು. ಕಾರಣ: ಪದೇ ಪದೇ ಬಿಲ್ಡ್ ಕೆಡಿಸುವುದು, ಅಜಾಗರೂಕತೆ.

ಐರೋಲಿ ಸ್ಟೇಷನ್ನಿನಲ್ಲಿ ಇಬ್ಬರೂ ಠಾಣೆ ಗಾಡಿಗೆ ನಿಂತಿದ್ದೆವು. ಅವಳು ಅಳುತ್ತಿರಲಿಲ್ಲ. “ನಾನು ಈ ಕೆಲ್ಸಕ್ಕೆ ಲಾಯಕ್ಕಿಲ್ವೋ ಏನೋ,” ಎಂದಳು. ಅಪ್ಪ ಹೊತ್ತ ಸಿಮೆಂಟು, ನಾನು ಓದಿದ ಮೆಟ್ಟಿಲು ಎಲ್ಲ ಸೇರಿ ನನ್ನನ್ನು ಈ ಹುಡುಗಿಗೆ ಹೀಗೆ ಅನ್ನಿಸುವಂತೆ ಮಾಡುವ ಮನುಷ್ಯನನ್ನಾಗಿ ಮಾಡಿತೇ ಎಂದು ನಾಚಿಕೆಯಾಯಿತು.

“ತಂಗಿ, ಅದು ನಂದು,” ಅಂದೆ. “ಎರಡೂ ನಂದಽ. ಡಾಕ್ಸ್ ಕೆಳಗ ಇಟ್ಟಾಂವ ನಾನು. ವಿಳಾಸ ಸರಿಸಿದಾಂವನೂ ನಾನು. ನೀ ಕೇಳಿದಾಗ ಸುಳ್ಳು ಹೇಳೀನಿ.”

ಗಾಡಿ ಬಂತು. ಇಬ್ಬರೂ ಹತ್ತಲಿಲ್ಲ.

“ಯಾಕೆ?” ಎಂದಳು.

“ಹೆಲ್ಮೆಟ್ ಬ್ಯಾಡಾಗಿತ್ತು.”

“ಒಂದು ಪ್ಲಾಸ್ಟಿಕ್ ಹೆಲ್ಮೆಟ್ಟಿಗಾ ಮಾರಾಯ್ರೇ?” ಅಷ್ಟು ಹೊತ್ತು ಬಾರದ ನೀರು ಆಗ ಅವಳ ಕಣ್ಣಿಗೆ ಬಂತು. “ನನ್ನತ್ರ ಹೇಳಿ ಏನು ಪ್ರಯೋಜನ? ಪತ್ರ ಕೊಟ್ಟದ್ದು ನಾನಾ? ಅಲ್ಲಿ ಹೇಳಿ.” ಮುಂದಿನ ಗಾಡಿಯ ಲೇಡೀಸ್ ಡಬ್ಬ ಹತ್ತಿ ಹೋದಳು.

ಸೋಮವಾರ ಬೆಳಿಗ್ಗೆ ತಂಡದ ಎಲ್ಲರಿಗೂ ಕಾಣುವ ಹಾಗೆ ಬರೆದೆ: ಯಾವ ಸಾಲು, ಯಾವತ್ತು ಬದಲಿಸಿದ್ದು, ಬಿಲ್ಡ್ ಏಕೆ ಕೆಟ್ಟಿತು, ನಾನು ಎಂದಿನಿಂದ ಸುಮ್ಮನಿದ್ದೆ. ಆ ಕೊನೆಯ ಸಾಲನ್ನು ಮೂರು ಸಲ ಅಳಿಸಿದೆ. ಲೀಡ್ ಒಳಗೆ ಕರೆದರು. “ಗಲತೀ ಸಬ್ ಸೇ ಹೋತೀ ಹೈ. ಪರ್ ತೂ ದೇಖ್‌ತಾ ರಹಾ?” ತಪ್ಪು ಎಲ್ಲರಿಂದಲೂ ಆಗುತ್ತದೆ, ನೀನು ನೋಡುತ್ತಾ ಕೂತೆಯಲ್ಲ ಎಂದರು. ಅವರು ಎಚ್ಆರ್ ಜೊತೆ ಜಗಳವಾಡಿ ಹತ್ತು ದಿನದಲ್ಲಿ ಆ ಪತ್ರ ವಾಪಸ್ ಮಾಡಿಸಿದರು. ಅವಳ ಕೆಲಸ ಕಾಯಂ ಆಯಿತು.

ಈಗಲೂ ನಾವು ಒಂದೇ ತಂಡ. ನನ್ನ ಕೋಡನ್ನು ಪರಿಶೀಲಿಸುವ ಸರದಿ ಅವಳಿಗೂ ಬರುತ್ತದೆ. ಮೊದಲು ಸಂದೇಹ ಬಂದರೆ ನನ್ನನ್ನೇ ಕೇಳುತ್ತಿದ್ದಳು. ಈಗ ಏನೂ ಕೇಳುವುದಿಲ್ಲ. ನನ್ನೆದುರೇ ಫೈಲಿನ ಇತಿಹಾಸ ತೆರೆದು, ಯಾರು ಯಾವ ಸಾಲು ಎಲ್ಲಿಗೆ ಸರಿಸಿದರೆಂದು ಒಂದೊಂದಾಗಿ ಓದಿ, ಆಮೇಲೆ ಒಪ್ಪಿಗೆ ಒತ್ತುತ್ತಾಳೆ. ಎಷ್ಟು ಹೊತ್ತಾದರೂ ನಾನು ಪಕ್ಕದಲ್ಲಿ ಕಾಯುತ್ತೇನೆ.